ಆತಂಕ, ಬಿಪಿ, ಅಲ್ಸರ್: ನಡುವೆ ಕೂತಿರುವ ನೋವಿನ ಮಾತ್ರೆ

ವರ್ಷಗಟ್ಟಲೆ ಟೆನ್ಷನ್‌ನಲ್ಲೇ ಬದುಕಿದವರಿಗೆ ಬಿಪಿ, ಅಲ್ಸರ್ ಬಂದೇ ಬರುತ್ತದೆ ಅನ್ನುತ್ತಾರೆ. ನಿಜವೇ?

ಎರಡಕ್ಕೂ ಒಂದೇ ಉತ್ತರ ಕೊಡಲಾಗದು. ಆತಂಕದಿಂದ ರಕ್ತದೊತ್ತಡ ಆ ಹೊತ್ತಿಗೆ ಏರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆತಂಕವೊಂದೇ ವರ್ಷಗಳ ನಂತರ ಶಾಶ್ವತ ಬಿಪಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಜನ ನಂಬಿರುವಷ್ಟು ಗಟ್ಟಿಯಾಗಿಲ್ಲ. ಅಲ್ಸರ್ ವಿಷಯ ಬೇರೆ. ಹೊಟ್ಟೆಯ ಹುಣ್ಣುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ. ಆತಂಕ ಅಲ್ಲಿ ಸಹಾಯಕನ ಪಾತ್ರದಲ್ಲಿದೆ. ಆ ಪಾತ್ರ ಚಿಕ್ಕದೇ ಆದರೂ ಸುಳ್ಳಲ್ಲ.

ಇಷ್ಟು ಬಿಡಿಸಿ ಹೇಳಬೇಕಾದದ್ದು ಯಾಕೆಂದರೆ, ‘ಎಲ್ಲಾ ಟೆನ್ಷನ್‌ನಿಂದಲೇ’ ಎಂದು ತೀರ್ಮಾನಿಸಿದ ಮನೆಯಲ್ಲಿ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಪರೀಕ್ಷೆ ಆಗುವುದಿಲ್ಲ. ದಿನಾ ನುಂಗುವ ಮಾತ್ರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಕೊನೆಗೆ ಕಾಯಿಲೆಯ ತಪ್ಪೆಲ್ಲ ಆತಂಕಪಡುವ ಮನುಷ್ಯನ ತಲೆಗೇ ಬರುತ್ತದೆ. ಇದು ಅನ್ಯಾಯ.

ಗಾಬರಿಯಾದಾಗ ಬಿಪಿ ಎಷ್ಟು ಏರಬಹುದು?

ಇಟಲಿಯ ಮಿಲಾನ್‌ನಲ್ಲಿ ಜುಸೆಪ್ಪೆ ಮಾನ್ಚಿಯಾ ಮತ್ತು ಸಂಗಡಿಗರು ಇದನ್ನು ಅಳೆದು 1983ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ರಕ್ತನಾಳದೊಳಗೇ ಸಣ್ಣ ನಳಿಕೆ ಇಟ್ಟು, ಒತ್ತಡ ಎಡೆಬಿಡದೆ ದಾಖಲಾಗುವ ಹಾಗೆ ಮಾಡಿದ್ದರು. ಡಾಕ್ಟರ್ ಹಾಸಿಗೆಯ ಬಳಿ ಬಂದು ಬಿಪಿ ನೋಡಲು ಶುರುಮಾಡಿದ ಮೊದಲ ನಾಲ್ಕು ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 27ರಷ್ಟು, ಕೆಳಗಿನದು 15ರಷ್ಟು ಮೇಲೇರಿತು. ಡಾಕ್ಟರ್ ಅಲ್ಲೇ ಇದ್ದಂತೆ ನಿಧಾನಕ್ಕೆ ಇಳಿಯತೊಡಗಿತು. ಡಾಕ್ಟರ ಬದಲು ನರ್ಸ್ ಬಂದಾಗ ಏರಿಕೆ ಸುಮಾರು ಅರ್ಧದಷ್ಟಿತ್ತು ಎಂದು ಅದೇ ತಂಡ ಮುಂದೆ ತೋರಿಸಿತು.

ಅಂದರೆ 128 ಇದ್ದವರು ಕ್ಲಿನಿಕ್ಕಿನ ಕುರ್ಚಿಯಲ್ಲಿ 155 ತೋರಿಸಬಹುದು. ಹೀಗಾದಾಗ ಮೆದುಳಿನಿಂದ ನರಗಳ ಮೂಲಕ ಸೂಚನೆ ಹೋಗಿ ಅಡ್ರಿನಲಿನ್ ಸುರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಕಾರಣ ಹೋದ ಮೇಲೆ ಅಂಕಿಯೂ ಇಳಿಯುತ್ತದೆ. ಬಿಳಿ ಕೋಟಿನ ಬಿಪಿ ಎಂದು ಕರೆಯುವುದು ಇದನ್ನೇ. ಹೀಗೆ ಕ್ಲಿನಿಕ್ಕಿನಲ್ಲಿ ಮಾತ್ರ ಹೆಚ್ಚಿರುವವರು ಪೂರ್ತಿ ನಿಶ್ಚಿಂತರಾಗಿರುವಂತಿಲ್ಲ. ಮುಂದೆ ಇವರಲ್ಲಿ ನಿಜವಾದ ಬಿಪಿ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮತ್ತೆ ಅಳೆಯಬೇಕು.

ದಿನಾ ಹೀಗೆ ಏರುತ್ತಾ ಇಳಿಯುತ್ತಾ ಇದ್ದರೆ, ಕೊನೆಗೊಂದು ದಿನ ಏರಿದ್ದು ಅಲ್ಲೇ ನಿಲ್ಲುವುದಿಲ್ಲವೇ?

ಹಾಗೆ ಅನ್ನಿಸುವುದು ಸಹಜ. ಇದರ ಪರವಾಗಿ ಎಲ್ಲರೂ ಹೇಳುವ ಅಧ್ಯಯನ ಇಟಲಿಯ ಸನ್ಯಾಸಿನಿಯರದ್ದು. ಮಾರಿಯೊ ತಿಮಿಯೊ ಎಂಬ ವೈದ್ಯರ ತಂಡ ಲೋಕಸಂಪರ್ಕವಿಲ್ಲದ ಮಠದಲ್ಲಿ ಮೌನವಾಗಿ ಬದುಕುವ 144 ಸನ್ಯಾಸಿನಿಯರನ್ನೂ, ಅದೇ ಸೀಮೆಯ 138 ಸಾಮಾನ್ಯ ಹೆಂಗಸರನ್ನೂ 20 ವರ್ಷ ಹಿಂಬಾಲಿಸಿತು. ವಯಸ್ಸಾದಂತೆ ಹೊರಗಿನ ಹೆಂಗಸರ ಬಿಪಿ ಏರುತ್ತಾ ಹೋಯಿತು. ಸನ್ಯಾಸಿನಿಯರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎರಡೂ ಗುಂಪಿನವರು ತಿನ್ನುವ ಉಪ್ಪಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ.

ಆದರೆ ಮಠದ ಬದುಕಿನಲ್ಲಿ ಬೇರೆಯಾಗಿದ್ದದ್ದು ಮನಸ್ಸಿನ ನೆಮ್ಮದಿಯೊಂದೇ ಅಲ್ಲ. ಗದ್ದಲವಿಲ್ಲ, ಹೆರಿಗೆಗಳಿಲ್ಲ, ನಿದ್ದೆಗೆ ಏಳುವುದಕ್ಕೆ ನಿಗದಿತ ಹೊತ್ತು, ದುಡ್ಡಿನ ಚಿಂತೆಯಿಲ್ಲ. ಇವುಗಳಲ್ಲಿ ಯಾವುದು ಬಿಪಿಯನ್ನು ತಡೆಯಿತು ಎಂದು ಬಿಡಿಸಿ ಹೇಳಲು ಆ ಅಧ್ಯಯನಕ್ಕೆ ಆಗುವುದಿಲ್ಲ.

ಅಮೆರಿಕದ ಇನ್ನೊಂದು ಅಧ್ಯಯನ ಆತಂಕವನ್ನೇ ನೇರವಾಗಿ ಅಳೆಯಿತು. 18ರಿಂದ 30 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು 15 ವರ್ಷ ಗಮನಿಸಿ 2003ರಲ್ಲಿ ಫಲಿತಾಂಶ ಹೊರತಂದರು. ಸದಾ ಅವಸರ, ತಾಳ್ಮೆಗೇಡು ಮತ್ತು ಇತರರ ಬಗ್ಗೆ ಹಗೆತನದ ಸ್ವಭಾವ ಇದ್ದವರಿಗೆ ಬಿಪಿ ಬರುವ ಸಾಧ್ಯತೆ ಹೆಚ್ಚಿತ್ತು. ಆತಂಕ ಮತ್ತು ಖಿನ್ನತೆಯಲ್ಲಿ ಅಂಥ ಸ್ಪಷ್ಟ ನಂಟು ಸಿಗಲಿಲ್ಲ. ಬೇರೆ ಕೆಲವು ಅಧ್ಯಯನಗಳು ಸಣ್ಣ ನಂಟು ತೋರಿಸಿವೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಸರಿಯೆನಿಸುವ ಮಾತು ಇದು: ಆತಂಕ ನೇರವಾಗಿ ಮಾಡುವುದಕ್ಕಿಂತ, ಆತಂಕದಲ್ಲಿರುವವರು ಅದನ್ನು ತಡೆದುಕೊಳ್ಳಲು ಮಾಡಿಕೊಳ್ಳುವ ವ್ಯವಸ್ಥೆಗಳು ಬಿಪಿಗೆ ಹೆಚ್ಚು ಕಾರಣ. ನಿದ್ದೆಗೆಟ್ಟ ರಾತ್ರಿ, ಸಿಗರೇಟು, ಸಂಜೆಯ ಎರಡು ಪೆಗ್ಗು, ಬಿಟ್ಟುಹೋದ ನಡಿಗೆ ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಯಾರ ಗಮನಕ್ಕೂ ಬಾರದ್ದು ತಲೆನೋವಿಗೆ ನುಂಗುವ ಮಾತ್ರೆ. ಅದಕ್ಕೆ ಮುಂದೆ ಬರೋಣ.

ನನ್ನದು ಟೆನ್ಷನ್ ಬಿಪಿಯೋ ನಿಜವಾದ ಬಿಪಿಯೋ ತಿಳಿಯುವುದು ಹೇಗೆ?

ಮನೆಯಲ್ಲಿ ಏಳು ದಿನ ಅಳೆದರೆ ಬಹುಪಾಲು ಗೊತ್ತಾಗುತ್ತದೆ. ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ, ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಇರಲಿ. ಕೊಳ್ಳುವ ಮೊದಲು ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಲ್ಲಿ ನೋಡಿಕೊಳ್ಳಿ. ಯಂತ್ರದ ಜೊತೆ ಬರುವ ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ ಸರಿಹೊಂದುತ್ತದೆ. 35 ಸೆಂ.ಮೀ. ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ದೊಡ್ಡ ಅಳತೆಯ ಪಟ್ಟಿ ಬೇರೆಯಾಗಿ ಸಿಗುತ್ತದೆ.

ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಕಾಫಿಗೂ ಮಾತ್ರೆಗೂ ಮೊದಲು ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಇನ್ನೊಮ್ಮೆ ಅಳೆಯಿರಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು. ಕೈಯನ್ನು ಮೇಜಿನ ಮೇಲಿಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಕೈ ಕೆಳಗೆ ಇಳಿಬಿದ್ದರೆ ಅಂಕಿ ಹೆಚ್ಚು ಬರುತ್ತದೆ, ಅಳೆಯುವಾಗ ಮಾತಾಡಿದರೂ ಅಷ್ಟೇ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆದಿಡಿ. ಮೊದಲ ದಿನದ ಅಂಕಿಗಳನ್ನು ಲೆಕ್ಕದಿಂದ ತೆಗೆದುಬಿಡಿ, ಯಾಕೆಂದರೆ ಹೊಸ ಯಂತ್ರವೂ ಗಾಬರಿ ಹುಟ್ಟಿಸುತ್ತದೆ. ಉಳಿದ ಆರು ದಿನಗಳ ಸರಾಸರಿ ತೆಗೆಯಿರಿ. ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯ ಸರಾಸರಿಗೆ ಗಡಿ 135/85. ಎರಡರಲ್ಲಿ ಒಂದು ಅಂಕಿ ಮುಟ್ಟಿದರೂ ಬಿಪಿ ಎಂದೇ ಲೆಕ್ಕ.

ಆತಂಕವಿರುವವರು ಇಲ್ಲಿ ಸಿಕ್ಕಿಬೀಳುವುದು ಪದೇ ಪದೇ ಅಳೆಯುವುದರಲ್ಲಿ. ಒಮ್ಮೆ 148 ಬಂತು ಎಂದು ಮತ್ತೆ ಒತ್ತುತ್ತಾರೆ, 156 ಬರುತ್ತದೆ, ಇನ್ನೊಮ್ಮೆ ಒತ್ತಿದರೆ 163. ಯಂತ್ರ ಆಗ ಅಳೆಯುತ್ತಿರುವುದು ಹಿಂದಿನ ಅಂಕಿ ಹುಟ್ಟಿಸಿದ ಭಯವನ್ನು. ಇದು ನಿಮ್ಮ ಅಭ್ಯಾಸವಾಗಿದ್ದರೆ ಅಳೆಯುವ ಕೆಲಸ ಮನೆಯ ಇನ್ನೊಬ್ಬರಿಗೆ ಕೊಡಿ. ಅಂಕಿಯನ್ನು ಅವರೇ ನೋಡಿ ಬರೆದುಕೊಳ್ಳಲಿ, ನಿಮಗೆ ವಾರದ ಕೊನೆಗೆ ಹೇಳಲಿ. ಅದೂ ಆಗದಿದ್ದರೆ 24 ಗಂಟೆ ತೋಳಿಗೆ ಕಟ್ಟಿಕೊಂಡಿರುವ ಯಂತ್ರದ ಪರೀಕ್ಷೆ ಕೇಳಿ. ಅದು ನಿದ್ದೆಯಲ್ಲೂ ಅಳೆಯುವುದರಿಂದ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ.

180/120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಸರಾಸರಿಯ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ. ಇಂಥ ಲಕ್ಷಣ ಏನೂ ಇಲ್ಲದಿದ್ದರೆ ಐದು ನಿಮಿಷ ಸುಮ್ಮನೆ ಕೂತು ಇನ್ನೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಅಲ್ಸರ್‌ಗೂ ಟೆನ್ಷನ್‌ಗೂ ಸಂಬಂಧವಿಲ್ಲ ಎಂದು ಈಗ ಹೇಳುತ್ತಾರಲ್ಲ?

1980ರ ದಶಕದವರೆಗೆ ವೈದ್ಯರೇ ಅಲ್ಸರ್ ಎಂದರೆ ಒತ್ತಡ ಮತ್ತು ಆಮ್ಲದ ಕಾಯಿಲೆ ಎನ್ನುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯ ಒಳಪದರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಯತ್ನ ಎಷ್ಟೋ ಸಲ ಸೋತಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿನ ಎರಡು ದಿನಕ್ಕಿಂತ ಹೆಚ್ಚು ಹೊತ್ತು ಹಾಗೇ ಉಳಿದವು. ನಿಧಾನಕ್ಕೆ ಬೆಳೆಯುವ ಆ ಜೀವಿ ಆಗ ಕಣ್ಣಿಗೆ ಬಿತ್ತು. 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ, ಡಾಕ್ಟರುಗಳ ಬಾಯಲ್ಲಿ ಎಚ್. ಪೈಲೋರಿ.

ಇದಾದ ಮೇಲೆ ಮಾತು ಇನ್ನೊಂದು ತುದಿಗೆ ಹೋಯಿತು, ಮನಸ್ಸಿಗೆ ಇದರಲ್ಲಿ ಪಾತ್ರವೇ ಇಲ್ಲ ಎನ್ನುವಷ್ಟು. ಆದರೆ ಈ ಬ್ಯಾಕ್ಟೀರಿಯಾ ಹೊತ್ತವರಲ್ಲಿ ಹೆಚ್ಚಿನವರಿಗೆ ಅಲ್ಸರ್ ಆಗುವುದೇ ಇಲ್ಲ. ಯಾರಿಗೆ ಆಗುತ್ತದೆ ಎಂಬಲ್ಲಿ ಒತ್ತಡ ಮತ್ತೆ ಬರುತ್ತದೆ. 1995ರಲ್ಲಿ ಜಪಾನಿನ ಕೋಬೆ ಪ್ರದೇಶದ ಭೂಕಂಪದ ನಂತರ ರಕ್ತ ಸೋರುವ ಹೊಟ್ಟೆ ಹುಣ್ಣುಗಳು ಹೆಚ್ಚಿದ್ದು ದಾಖಲಾಗಿದೆ. ಡೆನ್ಮಾರ್ಕಿನಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಜನರನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ಒತ್ತಡ ಅತಿ ಕಡಿಮೆಯಿದ್ದ ಮೂರನೇ ಒಂದು ಭಾಗದವರಲ್ಲಿ ನೂರಕ್ಕೆ 1.6 ಮಂದಿಗೆ, ಅತಿ ಹೆಚ್ಚಿದ್ದವರಲ್ಲಿ ನೂರಕ್ಕೆ 3.5 ಮಂದಿಗೆ ಅಲ್ಸರ್ ಆಗಿತ್ತು. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ, ನೋವಿನ ಮಾತ್ರೆ ತಿನ್ನುತ್ತಾರೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸ ಉಳಿಯಿತು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಒತ್ತಡದಿಂದ ಅಪಾಯ ಇಮ್ಮಡಿಯಾಯಿತು, ಹೌದು. ಆದರೆ ಅತಿ ಒತ್ತಡದಲ್ಲಿದ್ದ ನೂರರಲ್ಲಿ 96 ಮಂದಿಗೆ ಅಲ್ಸರ್ ಆಗಲಿಲ್ಲ. ಆತಂಕವಿದ್ದು ಹೊಟ್ಟೆ ಉರಿಯುತ್ತಿದ್ದರೆ ಅದು ಹುಣ್ಣೇ ಆಗಿರಬೇಕಿಲ್ಲ. ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ, ಜಠರದ ಚಲನೆ ಮತ್ತು ನರಗಳ ಸೂಕ್ಷ್ಮತೆ ಏರುಪೇರಾಗಿ ಬರುವ ಅಜೀರ್ಣವೇ ಇಂಥವರಲ್ಲಿ ಹೆಚ್ಚು. ಆ ಉರಿ, ಆ ಉಬ್ಬರ ಕಲ್ಪನೆಯಲ್ಲ. ಅದರ ಚಿಕಿತ್ಸೆ ಮಾತ್ರ ಹುಣ್ಣಿನ ಚಿಕಿತ್ಸೆಗಿಂತ ಬೇರೆ.

ನೋವಿನ ಮಾತ್ರೆ ಎರಡನ್ನೂ ಮಾಡುತ್ತದೆ ಎಂದಿರಿ. ಹೇಗೆ?

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಇವೆಲ್ಲ ಒಂದೇ ಗುಂಪು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ಇವು ತಡೆಯುತ್ತವೆ, ಅದರಿಂದಲೇ ನೋವು ಇಳಿಯುತ್ತದೆ. ಆದರೆ ಜಠರದ ಒಳಗೋಡೆಯ ಮೇಲೆ ಆಮ್ಲ ತಾಗದಂತೆ ಲೋಳೆಯ ಪದರ ಇಡುವುದಕ್ಕೂ ಅದೇ ವಸ್ತು ಬೇಕು. ಮೂತ್ರಪಿಂಡ ಹೆಚ್ಚಾದ ಉಪ್ಪನ್ನು ಹೊರಹಾಕಲೂ ಅದರ ನೆರವು ಬೇಕು. ಅದು ಕಡಿಮೆಯಾದಾಗ ಅಲ್ಲಿ ಗೋಡೆ ಸವೆಯುತ್ತದೆ, ಇಲ್ಲಿ ಉಪ್ಪು ನೀರು ಒಳಗೇ ನಿಂತು ಬಿಪಿ ಏರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂಥ ಬಿಪಿ ಮಾತ್ರೆಗಳ ಕೆಲಸವೂ ಕುಂದುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 45ರ ಆಸುಪಾಸಿನವರು, ವರ್ಷಗಳಿಂದ ಆತಂಕ, ಕತ್ತಿನಿಂದ ಹಣೆಗೆ ಹರಿಯುವ ತಲೆನೋವು. ವಾರದಲ್ಲಿ ನಾಲ್ಕೈದು ದಿನ ಮೆಡಿಕಲ್ ಶಾಪಿನಿಂದ ತಂದ ಐಬುಪ್ರೊಫೆನ್ ಬೆರೆತ ಮಾತ್ರೆ. ಅದರಿಂದ ಹೊಟ್ಟೆ ಉರಿ, ಉರಿಗೆ ದಿನಕ್ಕೆ ಎರಡು ಪೊಟ್ಟಣ ನೊರೆ ಬರುವ ಫ್ರೂಟ್ ಸಾಲ್ಟ್. ಕ್ಲಿನಿಕ್ಕಿನಲ್ಲಿ ಬಿಪಿ 158/98. ಮನೆಯವರೂ ಅವರೂ ಟೆನ್ಷನ್ ಎಂದೇ ಅಂದುಕೊಂಡಿದ್ದಾರೆ.

ಏಳು ದಿನ ಅಳೆದರು ಎನ್ನಿ. ಮೊದಲ ದಿನದ 152/94 ಬಿಟ್ಟರೆ, ಮುಂದಿನ ಆರು ದಿನಗಳ ದಿನವಾರು ಸರಾಸರಿ 143/90, 139/88, 142/89, 144/91, 138/86, 140/90. ಕೂಡಿಸಿ ಆರರಿಂದ ಭಾಗಿಸಿದರೆ 141/89. ಕ್ಲಿನಿಕ್ಕಿನ ಅಂಕಿಯಲ್ಲಿ ಮೇಲಿನ ಹದಿನೇಳು ಬಿಳಿ ಕೋಟಿನದ್ದು ಎಂದಾಯಿತು. ಆದರೂ ಸರಾಸರಿ ಗಡಿ ದಾಟಿದೆ.

ಇಲ್ಲಿ ಬರಿ ಆತಂಕವನ್ನು ಹಿಡಿದು ಕೂತರೆ ಎರಡು ಸಂಗತಿ ತಪ್ಪಿಹೋಗುತ್ತವೆ. ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಬಿಪಿಯನ್ನು ಐದರಷ್ಟು ಏರಿಸಬಲ್ಲವು, ಕೆಲವರಲ್ಲಿ ಇನ್ನೂ ಹೆಚ್ಚು. ಫ್ರೂಟ್ ಸಾಲ್ಟಿನ ಐದು ಗ್ರಾಂ ಪೊಟ್ಟಣದಲ್ಲಿ ಸುಮಾರು 800 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂ ಅಡುಗೆ ಉಪ್ಪಿನಲ್ಲಿ ಇರುವಷ್ಟು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ. ಎರಡು ಪೊಟ್ಟಣ ಕುಡಿದವರು ಸಾರು, ಉಪ್ಪಿನಕಾಯಿ, ಹಪ್ಪಳ ಮುಟ್ಟುವ ಮೊದಲೇ ಅದರಲ್ಲಿ ನಾಲ್ಕನ್ನು ಮುಗಿಸಿರುತ್ತಾರೆ.

ಡಾಕ್ಟರ ಸಲಹೆಯಂತೆ ಇವೆರಡನ್ನೂ ನಿಲ್ಲಿಸಿ ಮೂರು ವಾರ ಬಿಟ್ಟು ಮತ್ತೆ ಏಳು ದಿನ ಅಳೆದಾಗ 133/83 ಬರುವುದು ಆಗಬಹುದಾದ್ದೇ. ಆಗ ಬಿಪಿ ಮಾತ್ರೆಗೆ ಅವಸರವಿಲ್ಲ, ಆದರೆ ಗಡಿಯ ಹತ್ತಿರವೇ ಇರುವುದರಿಂದ ಕಣ್ಣಿಡಬೇಕು. ಬರಲೇ ಇಲ್ಲ, 140 ಅಲ್ಲೇ ನಿಂತಿತು ಎಂದರೆ ಅದು ಸಾಮಾನ್ಯ ಬಿಪಿ, ಚಿಕಿತ್ಸೆ ಬೇಕು. ಜೋರು ಗೊರಕೆ ಮತ್ತು ಹಗಲು ನಿದ್ದೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯನ್ನೂ, ಕೈ ನಡುಕ ಮತ್ತು ತೂಕ ಇಳಿಕೆ ಇದ್ದರೆ ಥೈರಾಯ್ಡನ್ನೂ ನೋಡಿಸಬೇಕು, ಏಕೆಂದರೆ ಇವು ಆತಂಕದ ವೇಷದಲ್ಲೇ ಬರುತ್ತವೆ. ನೋವಿಗೆ ಬದಲಿಯಾಗಿ ಪ್ಯಾರಸಿಟಮಾಲ್ ಹೊಟ್ಟೆಗೆ ಮೇಲು. ಆದರೆ ಬಿಪಿ ಇರುವವರು ದಿನಕ್ಕೆ ನಾಲ್ಕು ಗ್ರಾಂನಂತೆ ಎರಡು ವಾರ ತೆಗೆದುಕೊಂಡಾಗ ಅದೂ ಐದರಷ್ಟು ಏರಿಸಿದ್ದು 2022ರ ಒಂದು ಪ್ರಯೋಗದಲ್ಲಿ ಕಂಡಿದೆ. ದಿನಾ ಬೇಕಾಗುವ ತಲೆನೋವಿಗೆ ಬೇರೆ ದಾರಿ ಹುಡುಕಬೇಕು. ಹೃದಯಕ್ಕೆಂದು ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ.

ಎಚ್. ಪೈಲೋರಿ ಪರೀಕ್ಷೆಗೆ ಎಂಡೋಸ್ಕೋಪಿ ಬೇಕೇ ಬೇಕೇ?

ಎಲ್ಲರಿಗೂ ಬೇಡ. ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆಯಿಂದ ತಿಳಿಯುತ್ತದೆ. ಇವು ಸುಳ್ಳು ಹೇಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಬೆಳಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಲೇ ಪರೀಕ್ಷೆಗೆ ಹೋಗುವುದು. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ, ಕೊಲ್ಲುವುದಿಲ್ಲ. ಡಾಕ್ಟರನ್ನು ಕೇಳಿ ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ಬಿಡಬೇಕು, ಆಂಟಿಬಯಾಟಿಕ್ ಮುಗಿದು ನಾಲ್ಕು ವಾರವಾಗಿರಬೇಕು. ಇದೆ ಎಂದಾದರೆ ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಒಂದಕ್ಕಿಂತ ಹೆಚ್ಚು ಆಂಟಿಬಯಾಟಿಕ್ ಒಟ್ಟಿಗೆ. ಆರನೇ ದಿನ ಹೊಟ್ಟೆ ಹಗುರಾಯಿತೆಂದು ಬಿಟ್ಟರೆ ಉಳಿದವು ಔಷಧಿಗೆ ಜಗ್ಗದೆ ಬೆಳೆಯುತ್ತವೆ. ಮುಗಿದು ನಾಲ್ಕು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿ ಹೋಗಿದೆಯೇ ನೋಡಬೇಕು. ಬಹಳ ಮಂದಿ ಈ ಕೊನೆಯ ಪರೀಕ್ಷೆಯನ್ನು ಬಿಟ್ಟೇಬಿಡುತ್ತಾರೆ.

ಟಾರಿನಂತೆ ಕಪ್ಪಗೆ ಅಂಟುವ ಮಲ, ಕಾಫಿ ಗಸಿಯಂಥ ವಾಂತಿ ರಕ್ತ ಸೋರುವ ಗುರುತು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ.) ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ಎಂಡೋಸ್ಕೋಪಿ ತಡಮಾಡಬಾರದು.

ಇನ್ನೊಂದು ಮಾತು. ನಡೆಯುವಾಗ ಬಂದು ನಿಂತಾಗ ಹೋಗುವ ಎದೆಯುರಿ, ಬೆವರಿನ ಜೊತೆ ದವಡೆಗೋ ಎಡಗೈಗೋ ಹರಿಯುವ ಬಿಗಿತ ಗ್ಯಾಸ್ ಅಲ್ಲದಿರಬಹುದು. ಸೋಡಾ ಕುಡಿದು ಕಾಯದೆ ಇಸಿಜಿ ಮಾಡಿಸಿ. ಆತಂಕದ ರೋಗಿ ಎಂದು ಮೊದಲೇ ಹೆಸರಾದವರಲ್ಲಿ ಇದು ತಪ್ಪಿಹೋಗುವ ಭಯ ಹೆಚ್ಚು.

ಆತಂಕಕ್ಕೆ ಚಿಕಿತ್ಸೆ ಪಡೆದರೆ ಬಿಪಿ ಮಾತ್ರೆ ಬಿಡಬಹುದೇ?

ಸಾಮಾನ್ಯವಾಗಿ ಇಲ್ಲ. ನಿಮಿಷಕ್ಕೆ ಆರರಂತೆ ನಿಧಾನ ಉಸಿರಾಟದ ಅಭ್ಯಾಸ, ಧ್ಯಾನ ಕೆಲವು ಅಂಕಿ ಇಳಿಸಬಲ್ಲವು, ಇಪ್ಪತ್ತು ಮೂವತ್ತಲ್ಲ. ಆತಂಕಕ್ಕೆ ಚಿಕಿತ್ಸೆ ಬೇಕಾದದ್ದು ಆತಂಕ ತಾನೇ ಒಂದು ಕಾಯಿಲೆಯಾದ್ದರಿಂದ, ಅದು ಇನ್ನೊಂದನ್ನು ತಂದರೂ ತರದಿದ್ದರೂ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಮನೋವೈದ್ಯರ ಬಳಿ ಹೋಗುವಾಗ ಬಿಪಿ ಮತ್ತು ನೋವಿನ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಆತಂಕಕ್ಕೆ ಕೊಡುವ ಮಾತ್ರೆಗಳಲ್ಲಿ ವೆನ್ಲಾಫ್ಯಾಕ್ಸಿನ್ ಕೆಲವರಲ್ಲಿ ಬಿಪಿ ಏರಿಸುತ್ತದೆ. ಎಸಿಟಾಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಒಳ್ಳೆಯವೇ, ಆದರೆ ಅವುಗಳ ಜೊತೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎದೆ ಬಡಿತಕ್ಕೆಂದು ಕೊಡುವ ಪ್ರೊಪ್ರನೊಲಾಲ್ ದಿನಾ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬಾರದು, ಬಡಿತವೂ ಬಿಪಿಯೂ ಒಮ್ಮೆಲೇ ಪುಟಿದೇಳುತ್ತವೆ. ಅಸ್ತಮಾ ಇರುವವರು ಆ ಮಾತ್ರೆ ಬರೆಸಿಕೊಳ್ಳುವ ಮೊದಲೇ ಅದನ್ನು ಹೇಳಬೇಕು.